ಪಾಸ್‌ಬುಕ್ ಕೊಟ್ಟದ್ದು ಒಂದು, ರೊಕ್ಕ ಬಿದ್ದದ್ದು ಇನ್ನೊಂದು

ಆಂಧ್ರ ಸರ್ಕಾರ 2025ರ ಜೂನ್‌ನಲ್ಲಿ ‘ತಲ್ಲಿಕಿ ವಂದನಂ’ ಹಣ ಬಿಡುಗಡೆ ಮಾಡಿತು. ಶಾಲೆಗೆ ಹೋಗುವ ಪ್ರತಿ ಮಗುವಿಗೆ 15,000 ರೂಪಾಯಿ. ಅದರಲ್ಲಿ 2,000 ಶಾಲೆಯ ನಿರ್ವಹಣೆಗೆ ಹಿಡಿದು, ಉಳಿದ 13,000 ತಾಯಿಯ ಖಾತೆಗೆ. ಇಂಥ ಹಣ ಬಿಡುಗಡೆಯಾದ ವಾರ ಗಡಿ ಕಡೆಯ ಯಾವ ಗ್ರಾಮ ಸಚಿವಾಲಯದ ಮುಂದೆ ನಿಂತರೂ ಕೇಳುವ ಮಾತು ಒಂದೇ: “ಓಣಿಯಾಗ ಎಲ್ಲಾರಿಗೂ ಬಿದ್ದೈತಿ, ನಮಗ ಮಾತ್ರ ಬಿದ್ದಿಲ್ಲ ಮೇಡಂ.” ಮೇಡಂ ಕಂಪ್ಯೂಟರ್ ನೋಡುತ್ತಾರೆ. ‘ಸಕ್ಸಸ್’ ಅಂತ ತೋರಿಸುತ್ತದೆ. ಆ ತಾಯಿ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬಂದಿರುತ್ತಾಳೆ, ಅದರಲ್ಲಿ ಏನೂ ಇಲ್ಲ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ರೊಕ್ಕ ಬಿದ್ದಿದೆ, ಆದರೆ ಆ ಪಾಸ್‌ಬುಕ್ಕಿಗೆ ಅಲ್ಲ.

ಚಿಪ್ಪಗಿರಿಯಂಥ ಊರಲ್ಲಿ ಇದು ಹೆಚ್ಚು ಕಾಣುವುದಕ್ಕೆ ಕಾರಣವಿದೆ. ವಿಜಯದಾಸರ ಕಟ್ಟೆ ಇರುವ ಈ ಊರು ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿದೆ. ಸಂತೆ, ಆಸ್ಪತ್ರೆ, ರೈಲಿಗೆ ಗುಂತಕಲ್ಲು ಹತ್ತಿರ, ಆಚೆಗೆ ಬಳ್ಳಾರಿ. ಮಳೆ ಕೈಕೊಟ್ಟ ವರ್ಷ ಇಲ್ಲಿಯ ಜನ ದುಡಿಯಲು ಹೊರಗೆ ಹೋಗುತ್ತಾರೆ, ಕೆಲವರು ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು, ಕೆಲವರು ಬೆಂಗಳೂರಿಗೆ. ಹೋದಲ್ಲೆಲ್ಲ ಒಂದೊಂದು ಖಾತೆ ತೆರೆದಿರುತ್ತದೆ. ಜನಧನ ಎಂದು ಒಂದು, ಸಂಘದ ಸಾಲಕ್ಕೆ ಒಂದು, ಅಂಚೆಯವರು ಬಂದಾಗ ಒಂದು, ಕೆಲಸ ಕೊಟ್ಟವರು ಸಂಬಳ ಹಾಕಲು ತೆರೆಸಿದ್ದು ಇನ್ನೊಂದು. ಪ್ರತಿಯೊಂದಕ್ಕೂ ಆಧಾರ್ ಜೆರಾಕ್ಸ್ ಕೊಟ್ಟಿದ್ದಾರೆ, ಬೆರಳು ಒತ್ತಿದ್ದಾರೆ. ಹಾಗಾಗಿ “ನಿಮ್ಮ ಖಾತೆಗೆ ಆಧಾರ್ ಲಿಂಕ್ ಆಗಿದೆಯಾ?” ಎಂದು ಕೇಳಿದರೆ ನಾಲ್ಕಕ್ಕೂ “ಹೌದು” ಎಂಬ ಉತ್ತರವೇ ಬರುತ್ತದೆ. ನಾಲ್ಕೂ ನಿಜ. ಗೊಂದಲ ಹುಟ್ಟುವುದೂ ಅಲ್ಲಿಂದಲೇ.

ಏಕೆಂದರೆ ಆಧಾರ್ ಲಿಂಕ್ ಎಂದು ನಾವು ಕರೆಯುವುದು ಎರಡು ಬೇರೆ ಬೇರೆ ಕಡೆ ಬರೆದಿಡುವ ಎರಡು ಬೇರೆ ವಿಷಯ. ಮೊದಲನೆಯದು ಬ್ಯಾಂಕಿನ ಸ್ವಂತ ದಾಖಲೆ. ಈ ಖಾತೆಯ ಒಡೆಯ ಯಾರು ಎಂದು ಗುರುತಿಸಲು ಬ್ಯಾಂಕು ಆಧಾರ್ ನಂಬರನ್ನು ತನ್ನ ಕಂಪ್ಯೂಟರಿನಲ್ಲಿ ಸೇರಿಸಿಕೊಳ್ಳುತ್ತದೆ. ಇದನ್ನು ಎಷ್ಟು ಬ್ಯಾಂಕು ಬೇಕಾದರೂ ಮಾಡಬಹುದು. ಎರಡನೆಯದು ದೇಶಕ್ಕೆಲ್ಲ ಒಂದೇ ಇರುವ ಪಟ್ಟಿ. ಅದನ್ನು ಇಟ್ಟುಕೊಂಡಿರುವುದು ಎನ್‌ಪಿಸಿಐ, ಅಂದರೆ ನಮ್ಮ ಯುಪಿಐ, ರೂಪೇ ಎಲ್ಲ ನಡೆಸುವ ರಾಷ್ಟ್ರೀಯ ಪಾವತಿ ನಿಗಮ. ಆ ಪಟ್ಟಿಗೆ ಮ್ಯಾಪರ್ ಎಂದು ಹೆಸರು. ಅಲ್ಲಿ ಒಂದು ಆಧಾರ್ ನಂಬರಿನ ಎದುರು ಒಂದೇ ಒಂದು ಬ್ಯಾಂಕಿಗೆ ಜಾಗ. ಸಚಿವಾಲಯದವರು “ಎನ್‌ಪಿಸಿಐ ಆಕ್ಟಿವ್ ಐತಾ ನೋಡ್ರಿ” ಅನ್ನುವುದು ಈ ಎರಡನೆಯದಕ್ಕೆ. ಬ್ಯಾಂಕಿನ ಕೌಂಟರಿನಲ್ಲಿ “ನಿಮ್ಮದು ಲಿಂಕ್ ಆಗಿದೆಯಮ್ಮ, ಹೋಗಿ” ಅನ್ನುವುದು ಬಹಳ ಸಲ ಮೊದಲನೆಯದಕ್ಕೆ.

ಹಣ ಹರಿಯುವ ದಾರಿಯನ್ನು ಒಮ್ಮೆ ನೋಡಿಬಿಟ್ಟರೆ ಉಳಿದದ್ದು ಸಲೀಸು. ಇಲಾಖೆ ಹಣ ಬಿಡುವಾಗ ಒಂದು ಫೈಲು ತಯಾರಿಸುತ್ತದೆ. ಅದರಲ್ಲಿ ಫಲಾನುಭವಿಯ ಹೆಸರು, ಆಧಾರ್ ನಂಬರು, ಮೊತ್ತ ಇರುತ್ತವೆ. ಖಾತೆ ನಂಬರಿನ ಅಗತ್ಯವೇ ಇಲ್ಲ. ಆ ಫೈಲು ಇಲಾಖೆಯ ಬ್ಯಾಂಕಿನ ಮೂಲಕ ಎನ್‌ಪಿಸಿಐಗೆ ಹೋಗುತ್ತದೆ. ಅಲ್ಲಿ ಮ್ಯಾಪರ್ ಪ್ರತಿ ಆಧಾರ್ ನಂಬರಿನ ಎದುರು ಇರುವ ಬ್ಯಾಂಕಿನ ಗುರುತಿನ ಸಂಖ್ಯೆಯನ್ನು ಓದಿ, ಆಯಾ ಬ್ಯಾಂಕಿಗೆ ಸೇರಿದ್ದನ್ನು ವಿಂಗಡಿಸಿ ಕಳಿಸುತ್ತದೆ. ಮ್ಯಾಪರಿಗೆ ಗೊತ್ತಿರುವುದು ಅಷ್ಟೇ, ಯಾವ ಬ್ಯಾಂಕು ಎಂಬುದು. ಪಿನ್‌ಕೋಡ್ ನೋಡಿ ಚೀಲ ಕಟ್ಟುವ ಅಂಚೆಯವನಿಗೆ ಮನೆ ಗೊತ್ತಿರುವುದಿಲ್ಲವಲ್ಲ, ಹಾಗೆ. ಮನೆ ಹುಡುಕುವ ಕೆಲಸ ಬ್ಯಾಂಕಿನದು. ತನಗೆ ಬಂದ ಆಧಾರ್ ನಂಬರಿಗೆ ತನ್ನಲ್ಲಿ ಯಾವ ಖಾತೆಯನ್ನು ಡಿಬಿಟಿಗೆಂದು ಗುರುತು ಹಾಕಿದೆಯೋ ಅದಕ್ಕೆ ಬ್ಯಾಂಕು ಜಮಾ ಮಾಡುತ್ತದೆ. ಅಂದರೆ ಬ್ಯಾಂಕನ್ನು ಆರಿಸುವುದು ಎನ್‌ಪಿಸಿಐ ಮ್ಯಾಪರ್, ಖಾತೆಯನ್ನು ಆರಿಸುವುದು ಬ್ಯಾಂಕು. ಶಾಲೆಯಲ್ಲಿ ಕೊಟ್ಟ ಪಾಸ್‌ಬುಕ್ಕಿನ ಜೆರಾಕ್ಸು ಈ ಎರಡರಲ್ಲಿ ಯಾವುದನ್ನೂ ಮುಟ್ಟುವುದಿಲ್ಲ.

ಹಾಗಾದರೆ ಪಾಸ್‌ಬುಕ್ ಜೆರಾಕ್ಸ್ ಯಾಕೆ ಕೇಳುತ್ತಾರೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹಳೆಯ ಪದ್ಧತಿಯ ಅಭ್ಯಾಸ ಒಂದು ಕಾರಣ, ಹೆಸರು ತಾಳೆ ನೋಡಲು ಬೇಕೆಂಬುದು ಇನ್ನೊಂದು. ಕೆಲವು ಯೋಜನೆಗಳಲ್ಲಿ ಇನ್ನೂ ಖಾತೆ ನಂಬರಿಗೇ ಹಣ ಹೋಗುತ್ತದೆ ಕೂಡ. ಆದರೆ ಜೆರಾಕ್ಸ್ ಇಸಿದುಕೊಂಡವರು “ಹಣ ಇದಕ್ಕೇ ಬರುತ್ತದೆ ಎಂಬ ಖಾತ್ರಿ ಇಲ್ಲ” ಎಂದು ಒಂದು ಮಾತು ಹೇಳುವುದಿಲ್ಲ. ಅರ್ಧ ಜಗಳ ಆ ಹೇಳದ ಮಾತಿನದು ಎಂದೇ ನನ್ನ ಎಣಿಕೆ.

ಮ್ಯಾಪರಿನಲ್ಲಿ ಒಂದೇ ಜಾಗ ಇರುವುದರಿಂದ, ಹೊಸ ಬ್ಯಾಂಕು ಬಂದು ಕೂತರೆ ಹಳೆಯದು ಎದ್ದು ಹೋಗುತ್ತದೆ. ಕೊನೆಗೆ ಯಾರು ಸೇರಿಸಿದರೋ ಅವರದೇ ಲೆಕ್ಕ. ಹಳೆಯ ಬ್ಯಾಂಕಿನಲ್ಲಿ ಖಾತೆ ಹಾಗೇ ಇರುತ್ತದೆ, ಅಲ್ಲಿಯ ಕಂಪ್ಯೂಟರಿನಲ್ಲಿ ಆಧಾರ್ ನಂಬರೂ ಹಾಗೇ ಇರುತ್ತದೆ, ಬರುವ ಹಣ ಮಾತ್ರ ನಿಂತಿರುತ್ತದೆ.

ಒಂದು ಮನೆಯ ಲೆಕ್ಕ ಹಿಡಿದು ನೋಡೋಣ. ಊಹೆಯ ಮನೆ, ಆದರೆ ಇಂಥದ್ದು ಪ್ರತಿ ಊರಲ್ಲೂ ಇದೆ. ತಾಯಿಗೆ ಇಬ್ಬರು ಮಕ್ಕಳು, ಒಬ್ಬಳು ಎಂಟನೇ ತರಗತಿ, ಒಬ್ಬ ಐದನೇ ತರಗತಿ. ಅವಳಿಗೆ ಮೊದಲು ಇದ್ದದ್ದು ಆಂಧ್ರ ಪ್ರಗತಿ ಗ್ರಾಮೀಣ ಬ್ಯಾಂಕಿನ ಖಾತೆ. 2019ರಲ್ಲಿ ಅದನ್ನು ಮ್ಯಾಪರಿಗೆ ಸೇರಿಸಿದ್ದರು. 2022ರಲ್ಲಿ ಅಂಚೆಯವರು ಮನೆ ಬಾಗಿಲಿಗೆ ಬಂದು, ಕೈಯಲ್ಲಿದ್ದ ಸಣ್ಣ ಮೆಷಿನ್‌ಗೆ ಬೆರಳು ಒತ್ತಿಸಿಕೊಂಡು ಅಂಚೆ ಪೇಮೆಂಟ್ಸ್ ಬ್ಯಾಂಕಿನ ಖಾತೆ ತೆರೆದರು. ಅದಕ್ಕೂ ಡಿಬಿಟಿ ಬರಲಿ ಎಂದು ಸೇರಿಸಿದರು. ಅಲ್ಲಿಗೆ ಮ್ಯಾಪರಿನಲ್ಲಿ ಗ್ರಾಮೀಣ ಬ್ಯಾಂಕು ಹೋಗಿ ಅಂಚೆ ಬ್ಯಾಂಕು ಬಂತು. 2024ರಲ್ಲಿ ಅವಳು ಬೆಂಗಳೂರಿಗೆ ಹೋಗಿ ಒಂದು ಅಪಾರ್ಟ್‌ಮೆಂಟಿನಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಸೇರಿದಳು. ಕೆಲಸ ಕೊಟ್ಟ ಏಜೆನ್ಸಿ ಒಂದು ಖಾಸಗಿ ಬ್ಯಾಂಕಿನಲ್ಲಿ ಸಂಬಳದ ಖಾತೆ ಮಾಡಿಸಿತು. ನಾಲ್ಕು ಪುಟದ ಅರ್ಜಿ, ಪೆನ್ಸಿಲಿನಲ್ಲಿ ಇಂಟು ಹಾಕಿದ ಕಡೆಯಲ್ಲೆಲ್ಲ ಸಹಿ. ಆ ಸಹಿಗಳಲ್ಲಿ ಒಂದರ ಮೇಲೆ, ಸಣ್ಣ ಅಕ್ಷರದಲ್ಲಿ, ‘ಸರ್ಕಾರದಿಂದ ನನಗೆ ಬರುವ ಸೌಲಭ್ಯದ ಹಣ ಇನ್ನು ಮುಂದೆ ಈ ಬ್ಯಾಂಕಿಗೆ ಬರಲು ಒಪ್ಪಿದ್ದೇನೆ’ ಎಂಬ ಅರ್ಥದ ಸಾಲಿತ್ತು. ಮ್ಯಾಪರಿನಲ್ಲಿ ಅಂಚೆ ಬ್ಯಾಂಕು ಹೋಗಿ ಖಾಸಗಿ ಬ್ಯಾಂಕು ಬಂತು. ಎಂಟು ತಿಂಗಳಿಗೆ ಕೆಲಸ ಬಿಟ್ಟು ಊರಿಗೆ ಬಂದಳು. ಆ ಖಾತೆಯನ್ನು ಮರೆತಳು. ಅದಕ್ಕೆ ಕೊಟ್ಟಿದ್ದ ಸಿಮ್ ರೀಚಾರ್ಜ್ ಇಲ್ಲದೆ ಬಂದಾಯಿತು.

2025ರಲ್ಲಿ ಶಾಲೆಯವರು ಕೇಳಿದಾಗ ಅವಳು ಕೊಟ್ಟದ್ದು ಗ್ರಾಮೀಣ ಬ್ಯಾಂಕಿನ ಪಾಸ್‌ಬುಕ್. ಅದೇ ಮನೆಯಲ್ಲಿ ಕೈಗೆ ಸಿಗುವಂತೆ ಇದ್ದದ್ದು. 26,000 ರೂಪಾಯಿ ಜಮಾ ಆದದ್ದು ಬೆಂಗಳೂರಿನ ಖಾತೆಗೆ. ಮೆಸೇಜು ಹೋದದ್ದು ಸತ್ತ ಸಿಮ್ಮಿಗೆ. ಅವಳು ಗ್ರಾಮೀಣ ಬ್ಯಾಂಕಿಗೆ ಹೋಗಿ ವಿಚಾರಿಸಿದರೆ ಅವರು ಪರದೆ ನೋಡಿ ಆಧಾರ್ ಇದೆ ಎಂದರು. ಅಂಚೆಯವರನ್ನು ಕೇಳಿದರೆ ಅವರೂ ಇದೆ ಎಂದರು. ಯಾರೂ ಸುಳ್ಳು ಹೇಳಲಿಲ್ಲ.

ಈ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. ಸಂಬಳದ ಖಾತೆ ಶೂನ್ಯ ಬಾಕಿಯದಾಗಿರುವುದು ಸಂಬಳ ಬರುವ ತನಕ ಮಾತ್ರ. ಸಂಬಳ ನಿಂತು ಕೆಲ ತಿಂಗಳಾದರೆ ಬ್ಯಾಂಕು ಅದನ್ನು ಸಾಧಾರಣ ಉಳಿತಾಯ ಖಾತೆ ಮಾಡಿಬಿಡಬಹುದು. ಆಗ ಕನಿಷ್ಠ ಬಾಕಿ ಇಲ್ಲವೆಂದು ದಂಡ ಏರತೊಡಗುತ್ತದೆ. ಹಾಗಾದಲ್ಲಿ 26,000 ಬಿದ್ದ ದಿನವೇ ಅದರಿಂದ ಒಂದಿಷ್ಟು ಕಡಿತವಾಗಬಹುದು. ಬೇರೆ ಖಾತೆಗೆ ಬಿದ್ದ ಹಣ ಸುಮ್ಮನೆ ಕಾದು ಕೂತಿರುತ್ತದೆ ಎಂದುಕೊಂಡು ವರ್ಷಗಟ್ಟಲೆ ಬಿಡಬಾರದು ಎನ್ನುವುದು ಅದಕ್ಕೇ.

ಕೊನೆಗೆ ಸೇರಿಸಿದವರಿಗೇ ಹಣ ಕಳಿಸುವ ಮ್ಯಾಪರಿನ ಈ ಗುಣ ದೇಶಕ್ಕೆಲ್ಲ ಗೊತ್ತಾದದ್ದು 2017ರಲ್ಲಿ, ಏರ್‌ಟೆಲ್ ಪ್ರಕರಣದಲ್ಲಿ. ಆ ವರ್ಷ ಎಲ್ಲರೂ ಸಿಮ್ಮಿಗೆ ಆಧಾರ್ ಜೋಡಿಸಲು ಅಂಗಡಿ ಮುಂದೆ ಸಾಲು ನಿಂತಿದ್ದರು. ಸಿಮ್ಮಿಗೆಂದು ಒತ್ತಿದ ಬೆರಳಿನಲ್ಲೇ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಿನ ಖಾತೆಯೂ ತೆರೆದುಕೊಂಡಿತು, ಮ್ಯಾಪರೂ ಬದಲಾಯಿತು. ಗ್ಯಾಸ್ ಸಬ್ಸಿಡಿ ಎಲ್ಲಿ ಹೋಯಿತು ಎಂದು ಜನ ಏಜೆನ್ಸಿಗಳಿಗೆ ಮುಗಿಬಿದ್ದಾಗ, ಅದು ತಾವು ಕೇಳೇ ಇಲ್ಲದ ಖಾತೆಯಲ್ಲಿ ಕೂತಿರುವುದು ತಿಳಿಯಿತು. ಆಧಾರ್ ಪ್ರಾಧಿಕಾರ 2017ರ ಡಿಸೆಂಬರ್‌ನಲ್ಲಿ ಆ ಕಂಪನಿಗೂ ಅದರ ಪೇಮೆಂಟ್ಸ್ ಬ್ಯಾಂಕಿಗೂ ಆಧಾರ್ ಇ-ಕೆವೈಸಿ ಮಾಡುವ ಅನುಮತಿಯನ್ನು ತಡೆಹಿಡಿಯಿತು. 31 ಲಕ್ಷ ಗ್ರಾಹಕರ ಸುಮಾರು 190 ಕೋಟಿ ರೂಪಾಯಿಯನ್ನು ಅವರ ಹಳೆಯ ಖಾತೆಗಳಿಗೆ ಹಿಂದಿರುಗಿಸುವುದಾಗಿ ಕಂಪನಿ ಹೇಳಬೇಕಾಯಿತು. 2018ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕು ಆ ಪೇಮೆಂಟ್ಸ್ ಬ್ಯಾಂಕಿಗೆ 5 ಕೋಟಿ ದಂಡ ಹಾಕಿತು.

ಆಮೇಲೆ ನಿಯಮ ಬಿಗಿಯಾಯಿತು. ಬೇರೆ ಬ್ಯಾಂಕಿನಲ್ಲಿರುವ ಮ್ಯಾಪಿಂಗನ್ನು ತನ್ನ ಕಡೆ ಎಳೆದುಕೊಳ್ಳಬೇಕಾದರೆ ಬ್ಯಾಂಕು ಗ್ರಾಹಕರ ಒಪ್ಪಿಗೆ ತೆಗೆದುಕೊಳ್ಳಬೇಕು, ಸದ್ಯ ಯಾವ ಬ್ಯಾಂಕಿಗೆ ಹಣ ಬರುತ್ತಿದೆ ಎಂಬ ಹೆಸರನ್ನೂ ತಿಳಿಸಬೇಕು. ಹಾಗಾಗಿ ಇವತ್ತಿನ ಆಧಾರ್ ಜೋಡಣೆ ಅರ್ಜಿಯಲ್ಲಿ, ‘ನನ್ನ ಡಿಬಿಟಿ ಇಂಥ ಬ್ಯಾಂಕಿಗೆ ಬರುತ್ತಿದೆ, ಅಲ್ಲಿಂದ ನಿಮ್ಮ ಬ್ಯಾಂಕಿಗೆ ಬದಲಿಸಿ’ ಎನ್ನುವುದಕ್ಕೆ ಬೇರೆಯದೇ ಚೌಕವಿರುತ್ತದೆ. ನಿಯಮ ಒಳ್ಳೆಯದು. ಆದರೆ ಇಂಟು ಹಾಕಿದ ಕಡೆ ಸಹಿ ಮಾಡುವವರಿಗೆ ಆ ಚೌಕದಲ್ಲಿ ಟಿಕ್ ಹಾಕಿದವರು ಯಾರು ಎಂಬುದು ಗೊತ್ತೇ ಆಗುವುದಿಲ್ಲ. ಹೊಸ ಖಾತೆ ತೆರೆಯುವಾಗ “ಸಬ್ಸಿಡಿ ಹಣ ಇದಕ್ಕೆ ಬೇಡ, ಈಗಿರುವಲ್ಲೇ ಇರಲಿ” ಎಂದು ಬಾಯಿಬಿಟ್ಟು ಹೇಳಿದರೆ ಅದನ್ನು ಖಾಲಿ ಬಿಡಲೇಬೇಕು. ಖಾತೆ ತೆರೆಯಲು ಡಿಬಿಟಿ ಬದಲಿಸುವುದು ಕಡ್ಡಾಯವಲ್ಲ.

ಸರಿ, ಈಗ ಹಣ ಎಲ್ಲಿದೆ ಎಂದು ಕಂಡುಹಿಡಿಯುವುದು ಹೇಗೆ? ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸಿದ್ದರೆ ಕಷ್ಟವಿಲ್ಲ. myaadhaar.uidai.gov.in ತೆರೆದು, ಆಧಾರ್ ನಂಬರ್ ಹಾಕಿ, ಬಂದ ಓಟಿಪಿ ಕೊಟ್ಟು ಒಳಗೆ ಹೋದರೆ `Bank Seeding Status` ಎಂಬ ಜಾಗವಿದೆ. ಒತ್ತಿದರೆ ಬ್ಯಾಂಕಿನ ಹೆಸರು, ಅದು `Active` ಇದೆಯೋ ಇಲ್ಲವೋ, ಯಾವ ದಿನ ಕೊನೆಗೆ ಬದಲಾಯಿತು ಎಂಬುದು ಕಾಣುತ್ತದೆ. ಖಾತೆ ನಂಬರ್ ಕಾಣುವುದಿಲ್ಲ. ಮೇಲೆ ಹೇಳಿದಂತೆ ಅದು ಮ್ಯಾಪರಿಗೇ ಗೊತ್ತಿಲ್ಲ. ಆ ದಿನಾಂಕ ಬಹಳ ಉಪಯೋಗದ್ದು. ‘ನಾನು ಯಾರಿಗೂ ಹೇಳಿಲ್ಲ, ಹೇಗೆ ಬದಲಾಯಿತು’ ಎನ್ನುವವರಿಗೆ ಆ ದಿನಾಂಕ ನೋಡಿದ ಕೂಡಲೇ ಬೆಂಗಳೂರಿನ ಅರ್ಜಿಯೋ, ಅಂಚೆಯವರ ಮೆಷಿನ್ನೋ ನೆನಪಿಗೆ ಬರುತ್ತದೆ. ಮೊಬೈಲ್ ಜೋಡಿಸಿಲ್ಲದವರು ಸಚಿವಾಲಯದಲ್ಲಿ ವೆಲ್ಫೇರ್ ಅಸಿಸ್ಟೆಂಟ್ ಹತ್ತಿರವೋ ಬ್ಯಾಂಕಿನಲ್ಲೋ ಕೇಳಬಹುದು. ಆದರೆ ಕೇಳುವ ಪ್ರಶ್ನೆ ಸರಿಯಿರಬೇಕು. “ನನ್ನ ಆಧಾರ್ ಲಿಂಕ್ ಐತಾ?” ಎಂದಲ್ಲ, “ಎನ್‌ಪಿಸಿಐ ಮ್ಯಾಪರಿನಾಗ ನನ್ನ ಆಧಾರ್ ಎದುರು ಯಾವ ಬ್ಯಾಂಕ್ ಐತಿ?” ಎಂದು.

ಇಲ್ಲಿ ಗಡಿಯ ಈಚೆಯವರಿಗೆ ಒಂದು ಸಣ್ಣ ಎಚ್ಚರಿಕೆ. ಬ್ಯಾಂಕಿನ ಹೆಸರು ಬೇರೆ ಕಂಡ ಕೂಡಲೇ ಗಾಬರಿಯಾಗಬೇಕಿಲ್ಲ. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಆಂಧ್ರ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. 2025ರ ಮೇ 1ರಂದು ಆಂಧ್ರ ಪ್ರಗತಿಯೂ ಸೇರಿದಂತೆ ನಾಲ್ಕು ಗ್ರಾಮೀಣ ಬ್ಯಾಂಕುಗಳು ಒಂದಾಗಿ ಆಂಧ್ರ ಪ್ರದೇಶ ಗ್ರಾಮೀಣ ಬ್ಯಾಂಕ್ ಆಯಿತು; ಆಚೆ ಬದಿಯಲ್ಲೂ ಅದೇ ದಿನ ಎರಡು ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಕೈಯಲ್ಲಿರುವ ಪಾಸ್‌ಬುಕ್ಕಿನ ಮೇಲೆ ಹಳೆಯ ಹೆಸರಿದ್ದು ಪರದೆಯಲ್ಲಿ ಹೊಸ ಹೆಸರು ಬಂದರೆ ಅದು ಅದೇ ಬ್ಯಾಂಕು.

ಹಣ ಬಿದ್ದ ಬ್ಯಾಂಕು ತಿಳಿದ ಮೇಲೆ ಬಹಳ ಜನ ಮಾಡುವ ಮೊದಲ ಕೆಲಸ ಅರ್ಜಿ ಬರೆಯುವುದು: ತಪ್ಪಾಗಿ ಹೋಗಿದೆ, ವಾಪಸ್ ತರಿಸಿ ಸರಿಯಾದ ಖಾತೆಗೆ ಹಾಕಿ ಎಂದು. ಇದರಿಂದ ಏನೂ ಆಗುವುದಿಲ್ಲ. ಇಲಾಖೆಯ ಲೆಕ್ಕದಲ್ಲಿ ನಿಮ್ಮ ಹಣ ನಿಮಗೆ ತಲುಪಿದೆ, ಆ ಖಾತೆಯೂ ನಿಮ್ಮದೇ. ಹಣ ತಾನಾಗಿ ಹಿಂದಕ್ಕೆ ಬರುವುದು ಖಾತೆ ಮುಚ್ಚಿದ್ದರೆ ಅಥವಾ ಜಮಾ ಆಗದಂತೆ ತಡೆ ಹಾಕಿದ್ದರೆ ಮಾತ್ರ. ಆಗ ‘ಸಕ್ಸಸ್’ ಅಲ್ಲ, ‘ಫೇಲ್ಡ್’ ಅಥವಾ ‘ರಿಟರ್ನ್’ ಎಂದು ತೋರಿಸುತ್ತದೆ, ಮತ್ತು ಇಲಾಖೆ ಮತ್ತೊಮ್ಮೆ ಕಳಿಸಬೇಕಾಗುತ್ತದೆ. ‘ಸಕ್ಸಸ್’ ಎಂದಿದ್ದರೆ ಇರುವ ದಾರಿ ಒಂದೇ, ಆ ಖಾತೆಯಿಂದಲೇ ತೆಗೆಯುವುದು.

ಅದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ. ಊರಲ್ಲಿ ಬೆರಳು ಒತ್ತಿಸಿಕೊಂಡು ಹಣ ಕೊಡುವ ಬ್ಯಾಂಕ್ ಮಿತ್ರರಿದ್ದಾರೆ, ಅಂಚೆಯವರೂ ಇದೇ ಕೆಲಸ ಮಾಡುತ್ತಾರೆ. ಅವರ ಮೆಷಿನ್ನಿನಲ್ಲಿ ಆಧಾರ್ ನಂಬರಿನ ಜೊತೆ ಯಾವ ಬ್ಯಾಂಕು ಎಂದು ಆರಿಸಬೇಕು. ಅಲ್ಲಿ ಆ ಖಾಸಗಿ ಬ್ಯಾಂಕಿನ ಹೆಸರು ಆರಿಸಿ ಮೊದಲು ಬಾಕಿ ಎಷ್ಟಿದೆ ನೋಡಿಸಿ, ಆಮೇಲೆ ತೆಗೆಯಿರಿ. ಚೀಟಿ ಇಸಿದುಕೊಳ್ಳಿ. ಬೆರಳು ಒತ್ತಿದಷ್ಟು ಸಲ ಚೀಟಿ ಬರಬೇಕು. “ತಗೊಳ್ಳಲಿಲ್ಲ, ಇನ್ನೊಮ್ಮೆ ಒತ್ರಿ” ಎಂದು ಎರಡು ಸಲ ಒತ್ತಿಸಿ ಒಂದೇ ಸಲದ ಹಣ ಕೊಟ್ಟ ದೂರುಗಳು ಬೇಕಾದಷ್ಟಿವೆ. ಬಹಳ ದಿನ ವ್ಯವಹಾರ ಮಾಡದ ಖಾತೆಯಾದರೆ, ಕೆವೈಸಿ ಹಳೆಯದಾಗಿದ್ದರೆ, ಹಣ ಒಳಗೆ ಹೋಗಿರುತ್ತದೆ, ಹೊರಗೆ ಬರುವುದಿಲ್ಲ. ಆಗ ಆ ಬ್ಯಾಂಕಿನ ಯಾವುದಾದರೂ ಶಾಖೆಗೆ, ಗುಂತಕಲ್ಲಿನಲ್ಲೋ ಆದೋನಿಯಲ್ಲೋ ಬಳ್ಳಾರಿಯಲ್ಲೋ ಇದ್ದರೆ ಅಲ್ಲಿಗೆ, ಆಧಾರ್, ಪ್ಯಾನ್, ಫೋಟೋ ಹಿಡಿದು ಹೋಗಿ ಕೆವೈಸಿ ಮಾಡಿಸಬೇಕು. ಹಾಗೇ ಹೊಸ ಮೊಬೈಲ್ ನಂಬರನ್ನೂ ಕೊಟ್ಟು ಬರಬೇಕು.

ಮುಂದಿನ ಕಂತಿನ ಮಾತು ಬೇರೆ. ಅದು ಬೇಕಾದ ಖಾತೆಗೆ ಬರಬೇಕೆಂದರೆ ಮ್ಯಾಪರ್ ಬದಲಾಗಬೇಕು. ಇಲ್ಲಿ ಒಂದು ಗುಂಡಿ ಇದೆ, ಹಲವರು ಬೀಳುತ್ತಾರೆ. ಅವರು ನೇರ ಆ ಬೇಡದ ಬ್ಯಾಂಕಿಗೆ ಹೋಗಿ “ನನ್ನ ಆಧಾರ್ ತೆಗೆದುಹಾಕಿ” ಎನ್ನುತ್ತಾರೆ. ತೆಗೆದುಹಾಕುತ್ತಾರೆ. ತೆಗೆದ ಮೇಲೆ ಹಳೆಯ ಬ್ಯಾಂಕು ತಾನಾಗಿ ಆ ಜಾಗಕ್ಕೆ ಮರಳುವುದಿಲ್ಲ. ಮ್ಯಾಪರಿನಲ್ಲಿ ಆ ಆಧಾರ್ ನಂಬರಿಗೆ ಯಾವ ಬ್ಯಾಂಕೂ ಇಲ್ಲದಂತಾಗುತ್ತದೆ. ಮೊದಲು ಬೇರೆ ಕಡೆ ಬೀಳುತ್ತಿದ್ದ ಹಣ ಈಗ ಎಲ್ಲೂ ಬೀಳುವುದಿಲ್ಲ. ಖಾತೆಯನ್ನೇ ಮುಚ್ಚಿಸಿಬಿಟ್ಟವರ ಗತಿಯೂ ಇದೇ. ಸರಿಯಾದ ಕ್ರಮ ಇದರ ಉಲ್ಟಾ: ಹಣ ಬರಬೇಕಾದ ಬ್ಯಾಂಕಿಗೆ ಹೋಗಿ, ಆಧಾರ್ ಜೋಡಣೆಯ ಅರ್ಜಿಯಲ್ಲಿ ‘ಬೇರೆ ಬ್ಯಾಂಕಿನಿಂದ ಬದಲಿಸಿ’ ಎಂಬ ಚೌಕಕ್ಕೆ ಟಿಕ್ ಹಾಕಿ, ಆ ಬ್ಯಾಂಕಿನ ಹೆಸರು ಬರೆದು ಕೊಡುವುದು. ಕೌಂಟರಿನವರು “ಆಗಲೇ ಲಿಂಕ್ ಇದೆ” ಎಂದರೆ, “ನಿಮ್ಮಲ್ಲಿ ಇದೆ ಸಾರ್, ಮ್ಯಾಪರಿನಲ್ಲಿ ಬೇರೆ ಬ್ಯಾಂಕ್ ಇದೆ” ಎಂದು ಪರದೆಯ ಫೋಟೋ ತೋರಿಸುವುದು. ಎನ್‌ಪಿಸಿಐ ವೆಬ್‌ಸೈಟಿನಲ್ಲಿ `Bharat Aadhaar Seeding Enabler` ಎಂಬ ಪುಟದಲ್ಲಿ ಮನೆಯಿಂದಲೂ ಇದನ್ನು ಮಾಡಬಹುದು. ಆದರೆ ಅದರಲ್ಲಿ ಸೇರಿಕೊಂಡಿರುವ ಬ್ಯಾಂಕುಗಳಿಗೆ ಮಾತ್ರ. ಅಲ್ಲಿ ಹೊಸದಾಗಿ ಜೋಡಿಸುವುದು, ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಬದಲಿಸುವುದು, ಅದೇ ಬ್ಯಾಂಕಿನ ಇನ್ನೊಂದು ಖಾತೆಗೆ ಬದಲಿಸುವುದು ಎಂದು ಮೂರು ಬಗೆ ಕೊಟ್ಟಿರುತ್ತಾರೆ.

ಆ ಮೂರನೆಯದನ್ನು ಜನ ಮರೆಯುತ್ತಾರೆ. ಮ್ಯಾಪರಿನಲ್ಲಿ ಸರಿಯಾದ ಬ್ಯಾಂಕೇ ಇದೆ, ಆದರೂ ಹಣ ಬೇರೆ ಖಾತೆಗೆ ಬಿದ್ದಿದೆ ಎಂದರೆ, ಅದೇ ಬ್ಯಾಂಕಿನಲ್ಲಿ ನಿಮಗೆ ಎರಡು ಖಾತೆ ಇದ್ದು ಗುರುತು ಇನ್ನೊಂದರ ಮೇಲಿದೆ ಎಂದರ್ಥ. ಜನಧನ ಖಾತೆ ಒಂದು, ಬೆಳೆ ಸಾಲಕ್ಕೆಂದು ತೆರೆಸಿದ ಉಳಿತಾಯ ಖಾತೆ ಇನ್ನೊಂದು ಇರುವ ಮನೆಗಳಲ್ಲಿ ಇದು ಸಾಮಾನ್ಯ. ಇಲ್ಲಿ ಎನ್‌ಪಿಸಿಐಯನ್ನು ದೂರಿ ಫಲವಿಲ್ಲ. ಶಾಖೆಗೆ ಹೋಗಿ ಇಂಥ ಖಾತೆಗೆ ಡಿಬಿಟಿ ಬರಲಿ ಎಂದು ಬರೆದು ಕೊಡಬೇಕು, ಅವರ ಕಂಪ್ಯೂಟರಿನಲ್ಲೇ ಬದಲಾಗುತ್ತದೆ.

ಹಣ ಬಿಡುಗಡೆಯ ದಿನ ಹತ್ತಿರ ಬಂದಾಗ ಸಾಲು ನಿಂತು ಬದಲಿಸುವುದರಲ್ಲಿ ಅರ್ಥವಿದೆಯೇ ಎಂದರೆ, ಇದೆ, ಸ್ವಲ್ಪ ಮುಂಚೆ ಮಾಡಿದರೆ. ಅರ್ಜಿ ಹಾಕಿದ ದಿನ ಮ್ಯಾಪರಿನಲ್ಲಿ ಯಾವ ಬ್ಯಾಂಕಿತ್ತು ಎಂಬುದು ಲೆಕ್ಕಕ್ಕಿಲ್ಲ. ಹಣದ ಫೈಲು ಎನ್‌ಪಿಸಿಐಯಲ್ಲಿ ಬಿಚ್ಚಿಕೊಳ್ಳುವ ಹೊತ್ತಿಗೆ ಯಾವುದಿದೆಯೋ ಅದಕ್ಕೆ ಹೋಗುತ್ತದೆ. ಆರು ತಿಂಗಳ ಹಿಂದೆ ಎಲ್ಲ ಸರಿಯಾಗಿಯೇ ಇದ್ದು, ನಡುವೆ ಒಂದು ಹೊಸ ಖಾತೆ ತೆರೆದದ್ದರಿಂದ ಕೆಟ್ಟುಹೋಗುವುದೂ ಹೀಗೆಯೇ.

ಯೋಜನೆಗಳೇ ದಾರಿ ಬದಲಿಸಿದ್ದೂ ಉಂಟು. ಪಿಎಂ-ಕಿಸಾನ್ 2019ರ ಫೆಬ್ರವರಿಯಲ್ಲಿ ಶುರುವಾದಾಗ ರೈತ ಕೊಟ್ಟ ಖಾತೆ ನಂಬರಿಗೇ 2,000ದ ಕಂತು ಬೀಳುತ್ತಿತ್ತು. ಆಮೇಲೆ ಅದು ಆಧಾರ್ ಆಧಾರಿತ ಪಾವತಿಗೆ ತಿರುಗಿತು. ಖಾತೆ ಬದಲಿಸದೆಯೂ ಮೊದಲ ಕಂತುಗಳು ಒಂದು ಕಡೆ, ಆಮೇಲಿನವು ಇನ್ನೊಂದು ಕಡೆ ಬಿದ್ದವರಿಗೆ ಇದೇ ಉತ್ತರ. ಪಾಸ್‌ಬುಕ್ ತೆರೆದು ಜಮಾದ ಎದುರಿನ ಅಕ್ಷರ ನೋಡಿದರೆ ಬಹಳ ಸಲ ತಿಳಿಯುತ್ತದೆ: `NEFT` ಎಂದಿದ್ದರೆ ಖಾತೆ ನಂಬರಿಗೆ ಬಂದದ್ದು, `APBS` ಎಂದಿದ್ದರೆ ಆಧಾರ್ ದಾರಿಯಲ್ಲಿ ಬಂದದ್ದು. ಒಂದೇ ವಿದ್ಯಾರ್ಥಿವೇತನ ಎರಡು ತುಂಡಾಗಿ ಎರಡು ಕಡೆ ಬೀಳುವುದೂ ಉಂಟು. ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಕೇಂದ್ರದ ಪಾಲು 60, ರಾಜ್ಯದ್ದು 40. ಕೇಂದ್ರದ ಪಾಲು ನೇರ ವಿದ್ಯಾರ್ಥಿಯ ಆಧಾರ್‌ಗೆ ಹೊಂದಿದ ಖಾತೆಗೆ ಹೋಗುತ್ತದೆ, ರಾಜ್ಯದ ಪಾಲು ಆಯಾ ಸರ್ಕಾರ ಇಟ್ಟುಕೊಂಡ ದಾರಿಯಲ್ಲಿ. ತಾಯಿಯ ಪಾಸ್‌ಬುಕ್ಕಿನಲ್ಲಿ ಹುಡುಕುವ ಹಣ ಮಗಳ ಖಾತೆಯಲ್ಲಿರಬಹುದು. ತಾಯಿಗೂ ಮಗಳಿಗೂ ಸೇರಿದ ಜಂಟಿ ಖಾತೆಯಾದರೆ, ಸಾಮಾನ್ಯವಾಗಿ ಒಂದು ಖಾತೆಗೆ ಒಬ್ಬರ ಆಧಾರ್ ಮಾತ್ರ ಡಿಬಿಟಿಗೆ ಹೊಂದಿಸಿರುತ್ತಾರೆ. ಅದು ತಾಯಿಯದಾಗಿದ್ದರೆ ಮಗಳ ವೇತನ ಆ ಖಾತೆಗೆ ದಾರಿ ಕಾಣುವುದಿಲ್ಲ. ಆಚೆ ಬದಿಯ ನೆಂಟರಿಗೆ ಗೃಹಲಕ್ಷ್ಮಿಯ 2,000 ಯಾವ ಬ್ಯಾಂಕಿಗೆ ಹೋಯಿತು ಎಂದು ‘ಡಿಬಿಟಿ ಕರ್ನಾಟಕ’ ಆ್ಯಪ್ ತೋರಿಸುತ್ತದೆ. ಅದೂ ಇದೇ ಮ್ಯಾಪರ್.

ಇಷ್ಟೆಲ್ಲದರ ನಡುವೆ ನಿಜಕ್ಕೂ ಪರರ ಪಾಲಾಗುವ ಪ್ರಕರಣ ಒಂದಿದೆ. ಅಪರೂಪ, ಆದರೆ ಇದೆ. ನಿಮ್ಮ ಆಧಾರ್ ನಂಬರನ್ನು ಬ್ಯಾಂಕಿನವರು ಇನ್ನೊಬ್ಬರ ಖಾತೆಗೆ ಸೇರಿಸಿಬಿಟ್ಟಿರುವುದು. ಒಂದು ಅಂಕೆ ತಪ್ಪಿ ಹೊಡೆದದ್ದರಿಂದ ಹೀಗಾಯಿತು ಎಂದು ಹೇಳುತ್ತಾರೆ; ಅದು ನಂಬುವಂಥದಲ್ಲ. ಆಧಾರ್‌ನ 12ನೇ ಅಂಕೆ ಮೊದಲ ಹನ್ನೊಂದನ್ನು ಕಾಯುವ ತಾಳೆ ಅಂಕೆ. ಒಂದು ಅಂಕೆ ತಪ್ಪಿದರೆ, ಅಕ್ಕಪಕ್ಕದ ಎರಡು ಅಂಕೆ ಹಿಂದುಮುಂದಾದರೆ, ಆ ನಂಬರೇ ಸಿಂಧುವಾಗುವುದಿಲ್ಲ. ನಡೆಯುವುದು ಬೇರೆ: ಕ್ಯಾಂಪಿನಲ್ಲಿ ನೂರಾರು ಅರ್ಜಿ ಒಟ್ಟಿಗೆ ಬಂದಾಗ, ಒಬ್ಬರ ಜೆರಾಕ್ಸು ಇನ್ನೊಬ್ಬರ ಅರ್ಜಿಗೆ ಪಿನ್ನಾಗುತ್ತದೆ. ಗಂಡನ ಖಾತೆಗೆ ಹೆಂಡತಿಯ ಆಧಾರ್, ಅದೇ ಹೆಸರಿನ ಪಕ್ಕದ ಮನೆಯವಳ ಆಧಾರ್. ಗುರುತು ಹಿಡಿಯುವುದು ಹೀಗೆ: ಮ್ಯಾಪರಿನಲ್ಲಿ ಕಾಣುವ ಬ್ಯಾಂಕಿನಲ್ಲಿ ನಿಮಗೆ ಖಾತೆಯೇ ಇಲ್ಲ, ಎಂದೂ ಇರಲಿಲ್ಲ. ಆಗ ಆ ಬ್ಯಾಂಕಿಗೆ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಕೊಡಬಹುದು. ಇಲ್ಲಿ ತಪ್ಪು ಬ್ಯಾಂಕಿನದು. ಬೆಂಗಳೂರಿನ ಖಾತೆಯ ಪ್ರಕರಣದಲ್ಲಿ ಇದ್ದ ಹಾಗೆ ನಿಮ್ಮ ಸಹಿ ಇದರಲ್ಲಿ ಎಲ್ಲೂ ಇಲ್ಲ.

ಮತ್ತೆ ನಮ್ಮ ಲೆಕ್ಕದ ತಾಯಿಗೆ ಬರೋಣ. 26,000ದಲ್ಲಿ ಕಡಿತ ಹೋಗಿ ಉಳಿದದ್ದನ್ನು ಅವಳು ತೆಗೆದುಕೊಂಡಳು ಎಂದಿಟ್ಟುಕೊಳ್ಳಿ. ಮುಂದಿನ ವರ್ಷಕ್ಕೆ ಮ್ಯಾಪರಿನಲ್ಲಿ ಯಾವುದನ್ನು ಕೂರಿಸಬೇಕು? ಗ್ರಾಮೀಣ ಬ್ಯಾಂಕು ಎಲ್ಲರೂ ಹೇಳುವ ಉತ್ತರ. ಆದರೆ ಅವಳ ಬೆಳೆ ಸಾಲ ಅಲ್ಲೇ ಇದ್ದು, ಕಂತು ಬಾಕಿ ಇದ್ದರೆ, ಅದೇ ಬ್ಯಾಂಕಿನ ಉಳಿತಾಯ ಖಾತೆಗೆ ಬಂದ ಹಣ ಸಾಲಕ್ಕೆ ಜಮಾ ಆಗುವ ಭಯ ಸುಳ್ಳಲ್ಲ. ಅಂಚೆ ಬ್ಯಾಂಕಿನಲ್ಲಿ ಆ ಭಯವಿಲ್ಲ, ಪೇಮೆಂಟ್ಸ್ ಬ್ಯಾಂಕು ಸಾಲ ಕೊಡುವಂತೆಯೇ ಇಲ್ಲ. 2 ಲಕ್ಷಕ್ಕಿಂತ ಹೆಚ್ಚು ಬಾಕಿ ಇಡುವಂತಿಲ್ಲ, ಅದು ಈ ಮನೆಗೆ ತೊಂದರೆಯಲ್ಲ. ಬೆರಳು ಸವೆದು ಮೆಷಿನ್ ತೆಗೆದುಕೊಳ್ಳದ ದಿನ ಮಾತ್ರ ಕಷ್ಟ. ಗ್ರಾಮೀಣ ಬ್ಯಾಂಕಾದರೆ ವಿತ್‌ಡ್ರಾಯಲ್ ಚೀಟಿ ಬರೆದು ಕೊಟ್ಟು ಕೌಂಟರಿನಲ್ಲಿ ತೆಗೆಯಬಹುದು. ನನ್ನನ್ನು ಕೇಳಿದರೆ ಅಂಚೆಯದನ್ನೇ ಇಟ್ಟುಕೊಳ್ಳಿ ಎನ್ನುತ್ತೇನೆ, ಬೆಂಗಳೂರಿನ ಖಾತೆಯನ್ನು ಮಾತ್ರ ಮ್ಯಾಪರ್ ಬದಲಾದದ್ದನ್ನು ಪರದೆಯಲ್ಲಿ ಕಣ್ಣಾರೆ ನೋಡಿದ ಮೇಲೆಯೇ ಮುಚ್ಚಿಸಿ ಎಂದು ಸೇರಿಸುತ್ತೇನೆ.